ಮೂರನೆಯ ಸಲ ಹೋಗದ ಸೂತ: ಸಭಾಪರ್ವವನ್ನು ಪ್ರಾತಿಕಾಮಿಯ ಕಡೆಯಿಂದ ಹೇಳುವುದು

(ಬಾಗಲಕೋಟೆಯಲ್ಲಿ ಓದುಗರೂ ಬರೆಯುವವರೂ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಮಾನ್ಯರೇ, ಪುರಾಣಕಾವ್ಯವೊಂದನ್ನು ಸಾರಥಿಯ ಬಾಯಿಂದಲೋ ಆಳಿನ ಬಾಯಿಂದಲೋ ಮತ್ತೆ ಹೇಳಬೇಕೆಂದು ಹೊರಡುವವರಿಗೆ ಪಾತ್ರಗಳ ಕೊರತೆಯಿಲ್ಲ. ರಾಮನನ್ನು ಕಾಡಿಗೆ ಬಿಟ್ಟು ಬರಿ ರಥದೊಂದಿಗೆ ಅಯೋಧ್ಯೆಗೆ ಮರಳುವ ಸುಮಂತ್ರನಿದ್ದಾನೆ, ಕೃಷ್ಣನ ಸಾರಥಿ ದಾರುಕನಿದ್ದಾನೆ, ಭೀಮನ ಸಾರಥಿ ವಿಶೋಕನಿದ್ದಾನೆ. ಇವರಿಗೆಲ್ಲ ಹೆಸರಿದೆ, ಅವರ ಒಡೆಯರ ಪ್ರೀತಿಯೂ ಇದೆ. ನಾನು ಈ ಸಂಜೆ ಮಾತಿಗೆ ಆರಿಸಿಕೊಂಡಿರುವುದು ಅಂಥ ಯಾವ ಭಾಗ್ಯವೂ ಇಲ್ಲದ ಒಬ್ಬನನ್ನು. ದ್ಯೂತದ ದಿನ ಅಂತಃಪುರಕ್ಕೆ ಹೋಗಿ ದ್ರೌಪದಿಯನ್ನು ಕರೆತರುವಂತೆ ದುರ್ಯೋಧನನಿಂದ ಅಪ್ಪಣೆ ಪಡೆದ ಸೂತ ಆತ. ಸಭಾಪರ್ವ ಅವನನ್ನು ಪ್ರಾತಿಕಾಮಿ ಎಂದು ಕರೆಯುತ್ತದೆ. ಅವನ ತಂದೆ ಯಾರು, ಊರು ಯಾವುದು, ಮುಂದೆ ಅವನ ಗತಿ ಏನಾಯಿತು ಎಂಬುದನ್ನು ಕಾವ್ಯ ಹೇಳುವುದಿಲ್ಲ. ಕೆಲವೇ ಶ್ಲೋಕಗಳ ಅಳತೆಯಲ್ಲಿ ಅವನು ಬರುತ್ತಾನೆ, ಎರಡು ಸಲ ಹೋಗಿ ಬರುತ್ತಾನೆ, ಮೂರನೆಯ ಸಲ ಹೋಗದೆ ನಿಲ್ಲುತ್ತಾನೆ, ಅಲ್ಲಿಗೆ ಮುಗಿಯುತ್ತದೆ. ಮರುಕಥನ ಮಾಡುವವನು ಆ ಶ್ಲೋಕಗಳನ್ನು ಎಷ್ಟು ಹತ್ತಿರದಿಂದ ಓದಬೇಕಾಗುತ್ತದೆ ಎಂಬುದನ್ನು ಮೊದಲು ನಿಮ್ಮ ಮುಂದೆ ಬಿಡಿಸಿ ಇಡುತ್ತೇನೆ. ಬರೆಯುವ ಕಷ್ಟಗಳ ಮಾತು ಆಮೇಲೆ.

ಅಪ್ಪಣೆ ಮೊದಲು ಬಂದದ್ದು ಅವನಿಗಲ್ಲ, ವಿದುರನಿಗೆ. ವಿದುರ ಒಪ್ಪಲಿಲ್ಲ, ಒಪ್ಪದಿದ್ದುದಲ್ಲದೆ ದುರ್ಯೋಧನನನ್ನು ತುಂಬಿದ ಸಭೆಯಲ್ಲೇ ಬೈದ. ಆಗ ದುರ್ಯೋಧನ ವಿದುರನಿಗೆ ಧಿಕ್ಕಾರ ಹೇಳಿ, ಅಲ್ಲೇ ಇದ್ದ ಪ್ರಾತಿಕಾಮಿಯ ಕಡೆ ತಿರುಗಿ, ನೀನು ಹೋಗಿ ಕರೆದುಕೊಂಡು ಬಾ, ಪಾಂಡವರಿಂದ ನಿನಗೆ ಭಯವಿಲ್ಲ ಎನ್ನುತ್ತಾನೆ. ಒಂದೇ ಅಪ್ಪಣೆ ಇಬ್ಬರ ಮುಂದೆ ಬಂದದ್ದನ್ನು ಇಲ್ಲಿ ಗಮನಿಸಬೇಕು. ವಿದುರನೂ ದಾಸಿಯ ಹೊಟ್ಟೆಯಲ್ಲಿ ಹುಟ್ಟಿದವನೇ, ಆದರೆ ಅವನು ಕುರುಡು ದೊರೆಯ ತಮ್ಮ. ಅವನು ಒಲ್ಲೆನೆಂದರೆ ಬೈಗುಳ ಬರುತ್ತದೆ, ಅಷ್ಟೇ. ಪ್ರಾತಿಕಾಮಿ ಒಲ್ಲೆನೆಂದರೆ ಏನು ಬರುತ್ತದೆ ಎಂಬುದು ಆ ಸಭೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವನು ಮಾತಾಡದೆ ಬೇಗ ಹೊರಟ. ಸಿಂಹದ ಗವಿಯನ್ನು ನಾಯಿ ಹೊಕ್ಕಂತೆ ಹೊಕ್ಕನೆಂದು ಕಾವ್ಯ ಹೇಳುತ್ತದೆ. ಆ ಹೋಲಿಕೆ ವೈಶಂಪಾಯನನದು, ಆಳಿನದಲ್ಲ. ಆಳಿನ ಕಡೆಯಿಂದ ಬರೆಯುವವನು ಅದನ್ನು ಕೈಬಿಡಬೇಕಾಗುತ್ತದೆ.

ಒಳಗೆ ಹೋದವನು ಆಡಿದ ಮೊದಲ ಮಾತು ಬಹಳ ಒರಟು. ಯುಧಿಷ್ಠಿರ ಜೂಜಿನ ಅಮಲಿನಲ್ಲಿದ್ದಾಗ ದುರ್ಯೋಧನ ನಿನ್ನನ್ನು ಗೆದ್ದಿದ್ದಾನೆ, ದ್ರೌಪದಿ. ಧೃತರಾಷ್ಟ್ರನ ಮನೆಗೆ ನಡೆ, ನಿನ್ನನ್ನು ಕೆಲಸಕ್ಕೆ ಕರೆದೊಯ್ಯುತ್ತೇನೆ ಎನ್ನುತ್ತಾನೆ. ದ್ರೌಪದಿ ನಂಬುವುದಿಲ್ಲ. ಹೆಂಡತಿಯನ್ನು ಒತ್ತೆಯಿಟ್ಟು ಆಡುವ ರಾಜಪುತ್ರ ಯಾರಿದ್ದಾನೆ, ಒತ್ತೆಯಿಡಲು ಅವನ ಬಳಿ ಬೇರೇನೂ ಉಳಿದಿರಲಿಲ್ಲವೇ ಎಂದು ಕೇಳುತ್ತಾಳೆ. ಅದಕ್ಕೆ ಅವನು ಉತ್ತರ ಕೊಡುತ್ತಾನೆ: ಬೇರೇನೂ ಉಳಿಯದಿದ್ದಾಗಲೇ ಆಡಿದ್ದು, ಮೊದಲು ತಮ್ಮಂದಿರನ್ನು ಇಟ್ಟ, ಆಮೇಲೆ ತನ್ನನ್ನು ಇಟ್ಟುಕೊಂಡ, ಆಮೇಲೆ ನಿನ್ನನ್ನು, ರಾಜಪುತ್ರಿ.

ಈ ಉತ್ತರದ ಮೇಲೆ ನಾನು ಬಹಳ ಹೊತ್ತು ನಿಲ್ಲುತ್ತೇನೆ. ದ್ರೌಪದಿಯ ಪ್ರಸಿದ್ಧ ಪ್ರಶ್ನೆ ಇದಾದ ಮೇಲೆಯೇ ಹುಟ್ಟುತ್ತದೆ. ಹೋಗು, ಆ ಜೂಜುಗಾರನನ್ನು ಸಭೆಯಲ್ಲಿ ಕೇಳು, ಮೊದಲು ಸೋತದ್ದು ನಿನ್ನನ್ನೋ ನನ್ನನ್ನೋ ಎಂದು ಅವಳು ಹೇಳಿ ಕಳಿಸುತ್ತಾಳೆ. ಆದರೆ ಸೋತ ಕ್ರಮವನ್ನು ಪ್ರಾತಿಕಾಮಿ ಆಗಲೇ ಹೇಳಿಯಾಗಿದೆ. ಅವಳಿಗೆ ಸುದ್ದಿ ಬೇಕಾಗಿರಲಿಲ್ಲ. ಆಳು ತನ್ನ ಕರ್ತವ್ಯದಂತೆ ಕಂಡದ್ದನ್ನು ಕಂಡ ಸಾಲಿನಲ್ಲೇ ಒಪ್ಪಿಸಿದ. ಆ ಸಾಲಿನೊಳಗೆ ಬಿರುಕು ಇರುವುದನ್ನು ಅವಳು ಕಂಡಳು. ತನ್ನನ್ನೇ ಸೋತು ದಾಸನಾದವನಿಗೆ ಇನ್ನೊಬ್ಬರನ್ನು ಪಣವಿಡುವ ಹಕ್ಕು ಎಲ್ಲಿಂದ ಬಂತು ಎಂಬುದೇ ಆ ಬಿರುಕು. ಭೀಷ್ಮನಿಂದ ಹಿಡಿದು ಇಡೀ ಸಭೆಯನ್ನು ನಿರುತ್ತರಗೊಳಿಸಿದ ಪ್ರಶ್ನೆಗೆ ಬೇಕಾದ ಸಾಮಗ್ರಿಯನ್ನು ಒದಗಿಸಿದವನು ಈ ಸೂತ. ಅವನು ಆ ಕ್ರಮವನ್ನು ಹೇಳದೆ ಹೋಗಿದ್ದರೆ ಅವಳಿಗೆ ಆ ಕ್ಷಣದಲ್ಲಿ ಪ್ರಶ್ನೆಯೂ ಹೊಳೆಯುತ್ತಿರಲಿಲ್ಲ. ನನ್ನ ಮಟ್ಟಿಗೆ ಇವನ ಕಡೆಯಿಂದ ಕಥೆ ಹೇಳಲು ಇರುವ ನಿಜವಾದ ಕಾರಣ ಇದೇ. ಅವನು ಬಡವ, ಅವನು ತುಳಿತಕ್ಕೊಳಗಾದವ ಎಂಬ ಕಾರಣ ಸಾಲದು. ಕಥೆಯ ಕೀಲು ಅವನ ಕೈಯಲ್ಲಿ ತಿರುಗುತ್ತದೆ, ಮತ್ತು ಅದು ತಿರುಗಿದ್ದು ಅವನಿಗೆ ಆ ಹೊತ್ತಿನಲ್ಲಿ ಗೊತ್ತಿರಲಿಲ್ಲ.

ಅವನು ಸಭೆಗೆ ಮರಳುತ್ತಾನೆ. ಇಲ್ಲಿ ಇನ್ನೊಂದು ಸಂಗತಿ ನಡೆಯುತ್ತದೆ. ರಾಜರ ನಡುವೆ ಕುಳಿತ ಯುಧಿಷ್ಠಿರನಿಗೆ ಅವನು ಹೇಳುವ ಮಾತು ದ್ರೌಪದಿ ಹೇಳಿ ಕಳಿಸಿದಷ್ಟೇ ಆಗಿಲ್ಲ. ‘ಕಸ್ಯೇಶೋ ನಃ ಪರಾಜೈಷೀಃ’, ಯಾರಿಗೆ ಒಡೆಯನಾಗಿದ್ದುಕೊಂಡು ನಮ್ಮನ್ನು ಸೋತೆ ಎಂದು ದ್ರೌಪದಿ ಕೇಳುತ್ತಾಳೆ ಎಂದು ಮೊದಲು ಹೇಳಿ, ಆಮೇಲೆ ಅವಳ ಪ್ರಶ್ನೆಯನ್ನು ಇಡುತ್ತಾನೆ. ಅಂತಃಪುರದಲ್ಲಿ ಅವಳು ಆಡಿದ ಮಾತಿನಲ್ಲಿ ಒಡೆತನದ ಈ ಪ್ರಸ್ತಾಪ ಇರಲಿಲ್ಲ. ವಿದ್ವಾಂಸರು ಇದನ್ನು ಕಾವ್ಯದ ಹೇಳಿಕೆಯ ಕ್ರಮವೆಂದು ಬಿಡಬಹುದು, ಹೇಳಿ ಕಳಿಸಿದ್ದನ್ನು ಸ್ವಲ್ಪ ಬದಲಿಸಿ ಒಪ್ಪಿಸುವುದು ಪ್ರಾಚೀನ ಕಾವ್ಯಗಳಲ್ಲಿ ಸಾಮಾನ್ಯ. ಆದರೆ ಸೂತನ ಕಡೆಯಿಂದ ಬರೆಯುವವನಿಗೆ ಇದು ದೊರೆಯಬಹುದಾದ ಅತಿ ದೊಡ್ಡ ಎಡೆ. ಅಂತಃಪುರದಿಂದ ಸಭೆಗೆ ಬರುವ ಆ ದಾರಿಯಲ್ಲಿ ಅವನು ಪ್ರಶ್ನೆಯನ್ನು ಮನಸ್ಸಿನಲ್ಲಿ ತಿರುವಿಹಾಕಿದ್ದಾನೆ. ಒಡೆಯ ಎಂದರೆ ಯಾರು, ಆಳು ಎಂದರೆ ಯಾರು, ಒಡೆತನ ಯಾವ ಗಳಿಗೆಯಲ್ಲಿ ತಪ್ಪುತ್ತದೆ ಎಂಬುದು ರಾಜಪುತ್ರಿಗಿಂತ ಆಳಿಗೆ ಹೆಚ್ಚು ಪರಿಚಯದ ವಿಷಯ. ಅವಳು ಮೊದಲು ಯಾವುದು, ಆಮೇಲೆ ಯಾವುದು ಎಂದು ಕೇಳಿದಳು. ಇವನು ಅದರ ಒಳಗಿದ್ದ ತಿರುಳನ್ನು ಬಿಡಿಸಿ ಸಭೆಯ ನಡುವೆ ಇಟ್ಟ.

ನಮ್ಮ ಭಾಗದ ದೊಡ್ಡಾಟ ನೋಡಿ ಬೆಳೆದವರಿಗೆ ಈ ಗಳಿಗೆಯ ತೂಕ ಬೇಗ ತಿಳಿಯುತ್ತದೆ. ದೊಡ್ಡಾಟದಲ್ಲಿ ಯಾವ ರಾಜ ರಂಗಕ್ಕೆ ಬಂದರೂ ಅವನನ್ನು ಎದುರುಗೊಂಡು ಮಾತನಾಡಿಸುವವನು ಸಾರಥಿ. ತಾವು ಯಾರು, ತಮ್ಮ ನಾಮಾಂಕಿತವೇನು, ಈ ಸಭೆಗೆ ಬಂದ ಕಾರಣವೇನು ಎಂದು ಅವನು ಕೇಳುತ್ತಾನೆ, ರಾಜ ಎದೆಯುಬ್ಬಿಸಿ ತನ್ನ ಕುಲ, ಬಲ, ಬಿರುದುಗಳನ್ನೆಲ್ಲ ಹೇಳಿಕೊಳ್ಳುತ್ತಾನೆ. ಸಾರಥಿ ಕೇಳಿದ್ದಕ್ಕೆ ರಾಜ ಉತ್ತರ ಕೊಡದ ದೊಡ್ಡಾಟವನ್ನು ನಾನು ಕಂಡಿಲ್ಲ. ಸಭಾಪರ್ವದಲ್ಲಿ ಸೂತ ರಾಜನಿಗೆ, ನೀನು ಯಾರ ಒಡೆಯ ಎಂದು ಕೇಳುತ್ತಾನೆ, ರಾಜ ಜೀವ ಹೋದವನ ಹಾಗೆ ಅಲುಗಾಡದೆ ಕೂರುತ್ತಾನೆ. ಒಳ್ಳೆಯದನ್ನೂ ಹೇಳಲಿಲ್ಲ, ಕೆಟ್ಟದ್ದನ್ನೂ ಹೇಳಲಿಲ್ಲ ಎನ್ನುತ್ತದೆ ಕಾವ್ಯ. ಬಾಗಲಕೋಟೆಯ ಓದುಗರಿಗಾಗಿ ಇದನ್ನು ಬರೆಯುವವನು ದೊಡ್ಡಾಟದ ಆ ಪ್ರಶ್ನೋತ್ತರದ ಲಯವನ್ನೇ ಇಲ್ಲಿ ಇಟ್ಟು, ಉತ್ತರದ ಜಾಗವನ್ನು ಖಾಲಿ ಬಿಟ್ಟರೆ ಸಾಕು, ವಿವರಣೆ ಬೇಕಾಗುವುದಿಲ್ಲ.

ಉತ್ತರ ಕೊಟ್ಟವನು ದುರ್ಯೋಧನ. ಅವಳೇ ಇಲ್ಲಿಗೆ ಬಂದು ಕೇಳಲಿ, ಇವನ ಮಾತನ್ನೂ ಅವಳ ಮಾತನ್ನೂ ಎಲ್ಲರೂ ಕೇಳಲಿ ಎಂದ. ಸೂತ ಎರಡನೆಯ ಸಲ ಹೋಗುತ್ತಾನೆ, ಈ ಸಲ ಸಂಕಟಪಡುತ್ತ ಮಾತನಾಡುತ್ತಾನೆ. ಸಭೆಯವರು ಕರೆಯುತ್ತಿದ್ದಾರೆ ರಾಜಪುತ್ರಿ, ಕೌರವರ ನಾಶ ಬಂತೆಂದೇ ನನಗೆ ತೋರುತ್ತದೆ, ನಿನ್ನನ್ನು ಸಭೆಗೆ ಬರುವಂತೆ ಮಾಡುವ ಈ ಅಲ್ಪ ತನ್ನ ಏಳಿಗೆಯನ್ನು ಉಳಿಸಿಕೊಳ್ಳಲಾರ ಎಂಬ ಅರ್ಥದ ಮಾತು ಅವನದು. ತನ್ನ ಒಡೆಯನನ್ನು ಅಲ್ಪ ಎಂದು ಕರೆಯುವ ಧೈರ್ಯ ಬಂದದ್ದು ಅಂತಃಪುರದ ಗೋಡೆಗಳ ಒಳಗೆ, ದುರ್ಯೋಧನನ ಕಿವಿಗೆ ಬೀಳದಷ್ಟು ದೂರದಲ್ಲಿ. ಕೆಲವು ಪಾಠಗಳಲ್ಲಿ ದ್ರೌಪದಿ ಅವನನ್ನು ಮತ್ತೆ ಕಳಿಸಿ ಸಭಾಸದರಿಂದ ಧರ್ಮವೇನೆಂದು ಕೇಳಿಸುತ್ತಾಳೆ, ದುರ್ಯೋಧನನ ಹಟ ಕಂಡು ಎಲ್ಲರೂ ತಲೆ ತಗ್ಗಿಸುತ್ತಾರೆ. ಮೂರನೆಯ ಸಲ ದುರ್ಯೋಧನ, ಅವಳನ್ನು ಇಲ್ಲಿಗೇ ಕರೆದು ತಾ ಎಂದಾಗ ಸೂತ ಹೋಗುವುದಿಲ್ಲ. ಒಲ್ಲೆ ಎಂದೂ ಅನ್ನುವುದಿಲ್ಲ. ದ್ರೌಪದಿಯ ಸಿಟ್ಟಿಗೆ ಹೆದರಿ, ತನ್ನ ಮಾನವನ್ನು ಬದಿಗಿಟ್ಟು, ಸಭೆಯವರ ಕಡೆಗೆ ತಿರುಗಿ, ‘ಕೃಷ್ಣೆಗೆ ನಾನು ಏನು ಹೇಳಲಿ’ ಎಂದು ಕೇಳುತ್ತಾನೆ. ಅದು ಅವನ ಕಡೆಯ ಮಾತು.

ಆಗ ದುರ್ಯೋಧನ ದುಃಶಾಸನನಿಗೆ, ನನ್ನ ಈ ಸೂತಪುತ್ರ ಅಲ್ಪಬುದ್ಧಿಯವನು, ಭೀಮನಿಗೆ ಹೆದರುತ್ತಾನೆ, ನೀನೇ ಹೋಗಿ ಹಿಡಿದು ತಾ ಎನ್ನುತ್ತಾನೆ. ಸೂತಪುತ್ರ ಎಂಬ ಮಾತು ದುರ್ಯೋಧನನ ಬಾಯಿಂದ ಬೈಗುಳವಾಗಿ ಬಂದಾಗ ಕರ್ಣ ಅದೇ ಸಭೆಯಲ್ಲಿ ಕುಳಿತಿದ್ದಾನೆ. ಜಗತ್ತೆಲ್ಲ ಆ ಮಾತಿನಿಂದ ಕರ್ಣನನ್ನು ಚುಚ್ಚಿದಾಗ ಅವನ ಪರವಾಗಿ ನಿಂತವನು ದುರ್ಯೋಧನನೇ. ಕರ್ಣನ ಮುಖ ಹೇಗಿತ್ತೆಂದು ಕಾವ್ಯ ಹೇಳುವುದಿಲ್ಲ, ಆದರೆ ಬೈಸಿಕೊಂಡ ಸೂತ ಮೊದಲು ಯಾರ ಕಡೆ ನೋಡಿರಬಹುದು ಎಂಬುದನ್ನು ಊಹಿಸಲು ಮರುಕಥನಕಾರನಿಗೆ ಹಕ್ಕಿದೆ. ಸ್ವಲ್ಪ ಹೊತ್ತಿನಲ್ಲೇ ಕರ್ಣ ಆಡಲಿರುವ ಕ್ರೂರ ಮಾತುಗಳನ್ನು ಈ ನೋಟದ ನಂತರ ಓದಿದರೆ ಅವು ಬೇರೆಯಾಗಿ ಕೇಳಿಸುತ್ತವೆ.

ಇನ್ನು ಬರೆಯುವ ಕೆಲಸಕ್ಕೆ ಬರುತ್ತೇನೆ. ಇಂಥ ಕಥನಗಳ ಕರಡುಗಳನ್ನು ಓದುವಾಗ ನಾನು ಮೊದಲು ಕೇಳುವ ಪ್ರಶ್ನೆ, ಇದು ಇವನಿಗೆ ಹೇಗೆ ಗೊತ್ತಾಯಿತು ಎಂಬುದು. ಸೂತ ಅಂತಃಪುರದಲ್ಲಿ ಇದ್ದಷ್ಟು ಹೊತ್ತು ಸಭೆಯಲ್ಲಿ ಏನು ನಡೆಯಿತೆಂದು ಅವನಿಗೆ ತಿಳಿಯದು. ಯುಧಿಷ್ಠಿರ ತನ್ನ ನಂಬಿಗಸ್ತ ದೂತನೊಬ್ಬನ ಮೂಲಕ ದ್ರೌಪದಿಗೆ, ಉಟ್ಟ ಒಂದೇ ಬಟ್ಟೆಯಲ್ಲಿ ಅಳುತ್ತ ಬಂದು ಮಾವನ ಮುಂದೆ ನಿಲ್ಲು ಎಂದು ಹೇಳಿ ಕಳಿಸಿದ್ದೂ ಇವನಿಗೆ ಗೊತ್ತಿರಬೇಕಾಗಿಲ್ಲ. ಕಥೆ ಹೇಳುವವನಿಗೆ ಎಲ್ಲವೂ ಗೊತ್ತಿರುವುದರಿಂದ ಈ ಗೋಡೆಗಳನ್ನು ಅರಿವಿಲ್ಲದೆ ಕೆಡವಿಬಿಡುತ್ತಾನೆ, ಆಳಿನ ಬಾಯಲ್ಲಿ ಶಕುನಿಯ ಒಳಮನಸ್ಸೂ ಬರುತ್ತದೆ, ದಾಳಗಳ ಗುಟ್ಟೂ ಬರುತ್ತದೆ. ವ್ಯಾಸಭಾರತಕ್ಕೆ ಈ ಎಚ್ಚರ ಚೆನ್ನಾಗಿಯೇ ಇತ್ತು. ಅರಮನೆಯಲ್ಲಿ ಕುಳಿತ ಧೃತರಾಷ್ಟ್ರನಿಗೆ ಸಂಜಯ ಇಡೀ ಯುದ್ಧವನ್ನು ಹೇಳಬೇಕಾದಾಗ, ವ್ಯಾಸರು ಅವನಿಗೆ ದಿವ್ಯದೃಷ್ಟಿ ಕೊಟ್ಟರೆಂದು ಮೊದಲೇ ಹೇಳಿ, ಅವನು ಕಾಣದ್ದನ್ನು ಕಂಡದ್ದಕ್ಕೆ ಕಾರಣ ಒದಗಿಸುತ್ತದೆ. ಸಂಜಯನೂ ಸೂತನೇ. ಪ್ರಾತಿಕಾಮಿಗೆ ಯಾರೂ ದಿವ್ಯದೃಷ್ಟಿ ಕೊಡಲಿಲ್ಲ, ಅವನ ಕಥೆಗೆ ಅವನ ಎರಡು ಕಣ್ಣುಗಳೇ ಎಲ್ಲೆ.

ಎಲ್ಲೆಯೊಳಗೆ ನಿಂತು ಎಷ್ಟು ಮಾಡಬಹುದು ಎಂಬುದಕ್ಕೆ ನಮ್ಮ ಮುಧೋಳದ ರನ್ನನೇ ಇದ್ದಾನೆ. ಬಳೆಗಾರರ ಮನೆಯಲ್ಲಿ ಹುಟ್ಟಿದ ಆ ಕವಿ ತನ್ನ ಗದಾಯುದ್ಧದಲ್ಲಿ ಸಂಜಯನನ್ನು ರಣರಂಗದ ನೆಲಕ್ಕೆ ಇಳಿಸುತ್ತಾನೆ. ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ಕಾಲಿಗೆ ಸಿಕ್ಕಿದ್ದನ್ನು ದಾಟುತ್ತ ಭೀಷ್ಮರಿದ್ದಲ್ಲಿಗೆ ನಡೆಯುತ್ತಾನೆ. ದಾರಿಯಲ್ಲಿ ದ್ರೋಣ, ದುಃಶಾಸನ, ಕರ್ಣ ಒಬ್ಬೊಬ್ಬರಾಗಿ ಸತ್ತು ಬಿದ್ದಿರುವುದು ಕಾಣುತ್ತದೆ. ಇಡೀ ಭಾರತವನ್ನು ಹಿಂದಿರುಗಿ ನೋಡುವ ಆ ಕಾವ್ಯದಲ್ಲಿ ಈ ಭಾಗಕ್ಕೆ ಬಂದ ಬಲ, ದೊರೆಯ ಪಕ್ಕದಲ್ಲಿ ನಡೆಯುವವನೊಬ್ಬ ಇರುವುದರಿಂದ ಬಂದದ್ದು ಎಂದು ನಾನು ತಿಳಿದಿದ್ದೇನೆ. ನಡೆಯುವವನಿಗೆ ಒಂದು ಸಲಕ್ಕೆ ಒಂದೇ ಹೆಣ ಕಾಣುತ್ತದೆ.

ಎರಡನೆಯ ಕಷ್ಟ ಭಾಷೆಯದು, ಅದು ಕನ್ನಡದಲ್ಲಿ ಬರೆಯುವವರಿಗೆ ವಿಶೇಷವಾಗಿ ಎದುರಾಗುತ್ತದೆ. ಮೂಲದಲ್ಲಿ ಸೂತ ದ್ರೌಪದಿಯನ್ನು ಮೊದಲ ಮಾತಿನಲ್ಲಿ ಹೆಸರು ಹಿಡಿದು ಕರೆಯುತ್ತಾನೆ, ಅವಳು ತಿರುಗಿ ಕೇಳಿದ ಮೇಲೆ ಅವನ ಬಾಯಲ್ಲಿ ರಾಜಪುತ್ರಿ ಎಂಬ ಮಾತು ಬರುತ್ತದೆ, ಆಮೇಲೆ ಅವಳ ಮುಂದೆ ಅದು ತಪ್ಪುವುದಿಲ್ಲ. ನಮ್ಮಲ್ಲಿ ಈ ಬದಲಾವಣೆ ಕ್ರಿಯಾಪದದ ಕೊನೆಯಲ್ಲೇ ಕಾಣಿಸಿಕೊಳ್ಳಬೇಕು. ನಮ್ಮ ಕಡೆಯ ಮಾತಿನಲ್ಲಿ ಬರೆದರೆ ಅವನ ಮೊದಲ ಮಾತು ಹೀಗಿರಬಹುದು: “ದ್ರೌಪದೀ, ನಿನ್ನ ಗೆದ್ದಾರ. ನಡಿ, ಕೆಲಸಕ್ಕ ಕರಕೊಂಡು ಹೊಂಟೇನಿ.” ಅವಳ ಪ್ರಶ್ನೆಯಾದ ಮೇಲೆ: “ಮೊದಲ ತಮ್ಮಂದಿರನ್ನ ಇಟ್ರು, ಆಮ್ಯಾಲ ತಮ್ಮನ್ನ ತಾವ ಇಟ್ಕೊಂಡ್ರು, ಕಡೀಕ ನಿಮ್ಮನ್ನರೀ, ಅವ್ವಾರ.” ನೀನು ಎಂಬುದರಿಂದ ನೀವು ಎಂಬುದಕ್ಕೆ ಅವನು ದಾಟಿದ್ದನ್ನು ಓದುಗ ಗಮನಿಸುತ್ತಾನೆ, ಬರೆಯುವವನು ಎತ್ತಿ ತೋರಿಸುವ ಅಗತ್ಯವಿಲ್ಲ. ಇದಕ್ಕಿಂತ ಗಟ್ಟಿಯಾದ ಗಂಟು ಯುಧಿಷ್ಠಿರನ ವಿಷಯದಲ್ಲಿದೆ. ಅವನು ದಾಸನಾಗಿದ್ದಾನೆ, ದುರ್ಯೋಧನನ ಎದುರಿಗೆ ಸೂತ ಅವನ ಬಗ್ಗೆ ‘ಸೋತರು’ ಎಂದು ಬಹುವಚನದಲ್ಲಿ ಹೇಳಿದರೆ ಒಡೆಯನಿಗೆ ಅವಮಾನ, ‘ಸೋತ’ ಎಂದರೆ ನಾಲಿಗೆ ಒಪ್ಪುವುದಿಲ್ಲ. ಮೇಲಿನ ಎರಡನೆಯ ಮಾತಿನಲ್ಲಿ ನಾನು ‘ಇಟ್ರು’ ಎಂದು ಬಳಸಿದ್ದು ಅದು ಅಂತಃಪುರದೊಳಗಿನ ಮಾತಾದ್ದರಿಂದ. ಅದೇ ಸೂತ ಸಭೆಯಲ್ಲಿ ಕ್ರಿಯಾಪದವನ್ನೇ ತಪ್ಪಿಸಿ ಮಾತನಾಡುವಂತೆ ಬರೆಯಬೇಕೆಂದು ನನ್ನ ಅಭಿಪ್ರಾಯ. ಆಳುಗಳಾಗಿ ಬಾಳಿದವರ ಮಾತನ್ನು ಕಿವಿಗೊಟ್ಟು ಕೇಳಿದವರಿಗೆ ಈ ತಪ್ಪಿಸಿಕೊಳ್ಳುವಿಕೆ ಹೊಸದಲ್ಲ.

ಮೂರನೆಯ ಕಷ್ಟವೇ ಎಲ್ಲಕ್ಕಿಂತ ದೊಡ್ಡದು: ಅವನನ್ನು ಬಂಡಾಯಗಾರನನ್ನಾಗಿ ಮಾಡುವ ಆಸೆ. ಸಭೆಯ ನಡುವೆ ಅವನಿಂದ ಭಾಷಣ ಮಾಡಿಸಿದರೆ ಓದುವವರಿಗೆ ಸಮಾಧಾನವಾಗುತ್ತದೆ, ಆದರೆ ಆ ಸಭೆಯಲ್ಲಿ ಭಾಷಣ ಮಾಡುವ ಅವಕಾಶ ಇದ್ದದ್ದು ವಿಕರ್ಣನಿಗೆ, ಏಕೆಂದರೆ ಅವನು ಧೃತರಾಷ್ಟ್ರನ ಮಗ. ಅವನನ್ನು ಕೂಡ ಕರ್ಣ ಬಾಯಿ ಮುಚ್ಚಿಸಿದ. ಸೂತನಿಗೆ ಉಳಿದದ್ದು ತಡಮಾಡುವ ದಾರಿ ಒಂದೇ. ‘ಏನು ಹೇಳಲಿ’ ಎಂದು ಕೇಳುವುದು ತಡಮಾಡುವುದರ ಒಂದು ಬಗೆ, ಅಪ್ಪಣೆಯನ್ನು ಮೀರದೆ ನೆರವೇರಿಸದೆ ನಿಲ್ಲುವುದು. ಅದನ್ನು ಧೈರ್ಯವೆಂದೂ ಹೇಡಿತನವೆಂದೂ ಬರೆಯುವವನು ತೀರ್ಮಾನಿಸಿಕೊಡಬಾರದು. ಕಾವ್ಯವೇ ಎರಡನ್ನೂ ಹೇಳಿದೆ: ಅವನು ದುರ್ಯೋಧನನ ವಶದಲ್ಲಿದ್ದ, ದ್ರೌಪದಿಯ ಕೋಪಕ್ಕೆ ಹೆದರಿದ್ದ.

ಅವನು ಸಭೆಯಿಂದ ಹೊರಗೆ ಹೋದನೆಂದು ಎಲ್ಲೂ ಇಲ್ಲ. ಹಾಗಿದ್ದರೆ ಮುಂದೆ ನಡೆದುದೆಲ್ಲ ಅವನ ಕಣ್ಣೆದುರೇ ನಡೆಯಿತು. ಅದರಲ್ಲಿ ನಾನು ಆರಿಸಿಕೊಳ್ಳುವುದು ವಸ್ತ್ರಾಪಹಾರವನ್ನಲ್ಲ, ಅದನ್ನು ಎಲ್ಲರೂ ಬರೆದಿದ್ದಾರೆ. ಕೊನೆಗೆ ಧೃತರಾಷ್ಟ್ರ ವರ ಕೇಳು ಎಂದಾಗ ದ್ರೌಪದಿ ಮೊದಲು ಯುಧಿಷ್ಠಿರನ ಬಿಡುಗಡೆಯನ್ನು ಕೇಳುತ್ತಾಳೆ. ತನ್ನ ಮಗ ಪ್ರತಿವಿಂಧ್ಯನನ್ನು ಜನ ದಾಸನ ಮಗನೆಂದು ಕರೆಯಬಾರದು ಎಂಬುದು ಅವಳು ಕೊಡುವ ಕಾರಣ. ಎರಡು ಸಲ ಅವಳ ಮಾತನ್ನು ಹೊತ್ತು ತಂದ, ಅವಳಿಗಾಗಿ ಬೈಸಿಕೊಂಡ ಆಳು ಇದನ್ನು ಕೇಳಿಸಿಕೊಳ್ಳುತ್ತಾನೆ. ಅವಳ ಮಗನಿಗೆ ಬರಬಾರದ ಹೆಸರಿನ ಹತ್ತಿರವೇ ಇವನ ಮಕ್ಕಳು ಹುಟ್ಟಿ ಬೆಳೆಯುತ್ತಿದ್ದಾರೆ. ಅವಳ ಮೇಲೆ ಸಿಟ್ಟಾಗುವ ಹಾಗೂ ಇಲ್ಲ, ಏಕೆಂದರೆ ತಾಯಿಯಾಗಿ ಅವಳು ಕೇಳಿದ್ದು ಸರಿ. ದ್ರೌಪದಿಯ ಬಗ್ಗೆ ಇವನಿಗಿರುವ ಗೌರವವನ್ನು ಕಡಿಮೆ ಮಾಡದೆ ಈ ನೋವನ್ನು ಬರೆಯುವುದು ಸಾಧ್ಯವಾದರೆ ಮಾತ್ರ ಈ ಮರುಕಥನ ಕೈಗೆತ್ತಿಕೊಳ್ಳಬೇಕು. ಅವಳನ್ನು ಸಣ್ಣವಳನ್ನಾಗಿ ಮಾಡಿ ಇವನನ್ನು ದೊಡ್ಡವನನ್ನಾಗಿ ಮಾಡಿದ ಕರಡುಗಳು ನನ್ನ ಕಣ್ಣಿಗೆ ಬಿದ್ದಿವೆ, ಅವುಗಳಲ್ಲಿ ಇಬ್ಬರೂ ಉಳಿಯುವುದಿಲ್ಲ.

ಇವನು ಯಾರಿಗೆ ಕಥೆ ಹೇಳುತ್ತಿದ್ದಾನೆ ಎಂಬುದನ್ನು ಮೊದಲ ಪುಟಕ್ಕೂ ಮುಂಚೆ ನಿಶ್ಚಯಿಸಬೇಕು. ಸೂತರು ಕುದುರೆ ನಡೆಸುವುದಲ್ಲದೆ ಕಥೆ ಹೇಳುವವರೂ ಹೌದು. ನೈಮಿಷಾರಣ್ಯದಲ್ಲಿ ಶೌನಕಾದಿ ಋಷಿಗಳಿಗೆ ಮಹಾಭಾರತವನ್ನು ಹೇಳಿದ ಉಗ್ರಶ್ರವ ಸೂತನೇ. ಆದರೆ ಪ್ರಾತಿಕಾಮಿಯ ಮುಂದೆ ಋಷಿಗಳು ಕೂರುವುದಿಲ್ಲ. ನಾನಾದರೆ ಅವನ ಮಗನನ್ನು ಕೂರಿಸುತ್ತೇನೆ. ದ್ಯೂತದ ದಿನ ಆರೇಳು ವರ್ಷದ ಹುಡುಗ, ವನವಾಸದ 12 ವರ್ಷ, ಅಜ್ಞಾತವಾಸದ 1 ವರ್ಷ ಕಳೆದು ಯುದ್ಧ ಬಂದಾಗ ಲಗಾಮು ಹಿಡಿಯುವ ವಯಸ್ಸಿಗೆ ಬಂದಿರುತ್ತಾನೆ. ಎದುರಾಳಿಯ ಸಾರಥಿಯನ್ನು ಹೊಡೆದು ರಥವನ್ನು ದಿಕ್ಕೆಡಿಸುವುದು ಕುರುಕ್ಷೇತ್ರದಲ್ಲಿ ಮತ್ತೆ ಮತ್ತೆ ಕಾಣುವ ಯುದ್ಧದ ರೀತಿ, ಅಪ್ಪನಿಗೆ ಅದು ಗೊತ್ತು. ಅದಕ್ಕಾಗಿಯೇ ಅವನು ಇಷ್ಟು ವರ್ಷ ಆಡದಿದ್ದ ಮಾತನ್ನು ಆಡುತ್ತಾನೆ.

ಮಗ ಕೇಳುವ ಪ್ರಶ್ನೆಯೂ ನಿಶ್ಚಯವಾಗಿಯೇ ಇದೆ. ಮೂರನೆಯ ಸಲ ನೀನೇ ಹೋಗಿದ್ದರೆ ಅವಳು ನಡೆದುಕೊಂಡು ಬರುತ್ತಿದ್ದಳಲ್ಲವೇ, ನೀನು ನಿಂತದ್ದರಿಂದ ತಾನೇ ದುಃಶಾಸನ ಹೋದದ್ದು, ಕೂದಲು ಹಿಡಿದು ಎಳೆದದ್ದು? ಈ ಪ್ರಶ್ನೆಯನ್ನು ತಪ್ಪಿಸಿ ಬರೆದ ಪ್ರಾತಿಕಾಮಿ ಓದುಗರ ಮೆಚ್ಚುಗೆ ಪಡೆಯಬಹುದು, ನಂಬಿಕೆ ಪಡೆಯಲಾರ. ನಾನು ಬರೆದರೆ ಅಪ್ಪ ಇದಕ್ಕೆ ಒಂದು ಉತ್ತರ ಕೊಡುತ್ತಾನೆ, ಅದು ಮಗನಿಗೆ ಒಪ್ಪಿಗೆಯಾಗುವುದಿಲ್ಲ, ಆದರೂ ಮರುದಿನ ಅವನು ರಥ ಹತ್ತುತ್ತಾನೆ.